ಜೈಪುರದ ತಟ್ಟೆಯೋ ಖುರ್ಜಾದ್ದೋ? ಬೋರಲು ಹಾಕಿ ನೋಡಿ

ಪ್ರಶ್ನೆ: ಕರಕುಶಲ ಮೇಳದಲ್ಲಿ "ಜೈಪುರ ಬ್ಲೂ ಪಾಟರಿ" ಅಂತ ಹೇಳಿ ನೀಲಿ ಹೂವಿನ ತಟ್ಟೆ ಕೊಟ್ಟರು. ತಳದಲ್ಲಿ ಗ್ಲೇಜ್ ಇಲ್ಲದ ಅಂಚು ಬೂದು ಬಣ್ಣ, ಬೆರಳಲ್ಲಿ ಬಡಿದರೆ ಠಣ್ ಅನ್ನುತ್ತೆ. ಜೊತೆಗೆ ತಂದ ಹುಲ್ಲಿನ ಡಬ್ಬಿಗೆ ಚೀಟಿಯೇ ಇಲ್ಲ. ಹೊಳೆಯುವ ಚಿನ್ನದ ಬಣ್ಣ, ನಡುನಡುವೆ ಗುಲಾಬಿ, ಹಸಿರು. ಇವು ಎಲ್ಲಿಯವು ಅಂತ ತಿಳಿಯೋದು ಹೇಗೆ?

ತಟ್ಟೆ ಜೈಪುರದ್ದಲ್ಲ. ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯ ಖುರ್ಜಾದ್ದು ಇರಬೇಕು. ಇದನ್ನು ಹೇಳಿದ್ದು ನೀವು ಬರೆದ ಆ ಬೂದು ಅಂಚು, ಹೂವಲ್ಲ. ಹೂವು ಬಳ್ಳಿ ಊರಿಂದೂರಿಗೆ ಹೋಗುತ್ತವೆ, ಯಾರು ಬೇಕಾದರೂ ಬರೆಯಬಹುದು. ಪಾತ್ರೆಯ ಮೈ ಅಷ್ಟು ಸುಲಭವಾಗಿ ವೇಷ ಬದಲಿಸುವುದಿಲ್ಲ.

ಜೈಪುರದ ನೀಲಿ ಪಾತ್ರೆ ನಮ್ಮ ಕುಂಬಾರರು ಮಾಡುವಂಥ ಮಣ್ಣಿನ ಪಾತ್ರೆಯೇ ಅಲ್ಲ. ಅದರ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲಿನ ಪುಡಿ. ಅದಕ್ಕೆ ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಅಂಟು ಸೇರಿಸುತ್ತಾರೆ. ಇದಕ್ಕೆ ಜೇಡಿಮಣ್ಣಿನ ಜಿಗುಟು ಇಲ್ಲ, ತಿಗರಿಯ ಮೇಲೆ ಎಳೆದರೆ ಮೇಲೇಳುವುದಿಲ್ಲ. ಹಾಗಾಗಿ ಚಪಾತಿಯಂತೆ ತಟ್ಟಿ ಅಚ್ಚಿಗೆ ಹಾಕಿ, ಮೇಲೆ ಬೂದಿ ತುಂಬಿ ಅದುಮುತ್ತಾರೆ. ಹೂಜಿಯಂಥದ್ದಾದರೆ ಭಾಗಗಳನ್ನು ಬೇರೆ ಬೇರೆ ಮಾಡಿ ಅಂಟಿಸುತ್ತಾರೆ. ಒಳಗೆ ಬೆರಳಾಡಿಸಿದರೆ ಆ ಬೆಸುಗೆಯ ಏಣು ಎಷ್ಟೋ ಸಲ ಸಿಗುತ್ತದೆ. ಮೇಲೆ ಬಿಳಿ ಲೇಪ, ಅದರ ಮೇಲೆ ಕೋಬಾಲ್ಟ್‌ನ ಕಡುನೀಲಿ, ತಾಮ್ರದ ಹಸಿರುನೀಲಿ. ಆಮೇಲೆ ಗ್ಲೇಜ್ ಹಚ್ಚಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಂದೇ ಸಲ ಸುಡುತ್ತಾರೆ.

ಇಷ್ಟು ಕಡಿಮೆ ಶಾಖಕ್ಕೆ ಮೈ ಪೂರ್ತಿ ಬಿಗಿಯುವುದಿಲ್ಲ. ಅದಕ್ಕೇ ಗ್ಲೇಜ್ ಇಲ್ಲದ ಜಾಗ ಬೆಳ್ಳಗೆ, ಸಕ್ಕರೆ ಅಚ್ಚು ಮುರಿದಂತೆ ಹರಳು ಹರಳಾಗಿ ಕಾಣುತ್ತದೆ. ಒಂದು ಹನಿ ನೀರಿಟ್ಟರೆ ಹೀರಿಕೊಳ್ಳುತ್ತದೆ. ಬಡಿದರೆ ಮಂಕು ಸದ್ದು. ಖುರ್ಜಾದವರು ಮಣ್ಣಿನ ಮಿಶ್ರಣದಿಂದ ಮಾಡಿ ಇದಕ್ಕಿಂತ ಬಹಳ ಹೆಚ್ಚು ಶಾಖದಲ್ಲಿ ಸುಡುತ್ತಾರೆ. ಅಲ್ಲಿ ಮೈ ಕಲ್ಲಾಗುತ್ತದೆ: ಹನಿ ಹಾಗೇ ನಿಲ್ಲುತ್ತದೆ, ಸದ್ದು ನಿಮ್ಮ ತಟ್ಟೆಯ ಹಾಗೆ ಠಣ್. ದಿನಬಳಕೆಯ ಚಹಾ ಕಪ್ಪು, ಉಪ್ಪಿನಕಾಯಿ ಜಾಡಿ ಖುರ್ಜಾದಿಂದ ಹೆಚ್ಚು ಬರುವುದಕ್ಕೂ ಇದೇ ಕಾರಣ. ಜೈಪುರದಿಂದ ಹೆಚ್ಚು ಬರುವುದು ಬಾಗಿಲ ಹಿಡಿ, ಟೈಲ್ಸ್, ಅಲಂಕಾರದ ತಟ್ಟೆ.

ಸದ್ದೊಂದನ್ನೇ ನಂಬಬೇಡಿ. ಕೂದಲೆಳೆ ಬಿರುಕು ಬಿಟ್ಟ ಖುರ್ಜಾ ತಟ್ಟೆಯೂ ಮಂಕಾಗಿಯೇ ಸದ್ದು ಮಾಡುತ್ತದೆ. ಸದ್ದು ಕೇಳಿದ ಕೂಡಲೇ "ಜೈಪುರ" ಅಂದು ನಾನೇ ಒಮ್ಮೆ ಪೆಚ್ಚಾಗಿದ್ದೇನೆ, ಆಮೇಲೆ ತಳ ನೋಡಿದರೆ ಬೂದು. ಇನ್ನೊಂದು ಮಿತಿಯಿದೆ. ಬೆಣಚುಕಲ್ಲಿನ ಮೈ ಪರ್ಷಿಯಾ ಕಡೆಯಿಂದ ಬಂದ ವಿದ್ಯೆ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಅಂಥ ತಟ್ಟೆ ಸಿಕ್ಕರೆ ಬಿಳಿ ಅಂಚು ನೋಡಿ ಮಾತ್ರ ಜೈಪುರ ಅನ್ನಲಾಗದು. ಹಾಗೆಯೇ ನಿಮ್ಮ ಬೂದು ಅಂಚು ಜೈಪುರವನ್ನು ಖಂಡಿತ ಹೊರಗಿಡುತ್ತದೆ. ಖುರ್ಜಾ ಎಂಬುದು ಅಂದಾಜು, ಅಂಥ ಪಾತ್ರೆ ಬೇರೆ ಕಡೆಯೂ ಸುಡುತ್ತಾರೆ.

ಇನ್ನು ಡಬ್ಬಿ. ಮೊದಲು ಹೆಣಿಗೆ ನೋಡಿ. ಗರಿಯ ಪಟ್ಟಿಗಳು ಚಾಪೆಯಂತೆ ಒಂದರ ಮೇಲೊಂದು ಹಾದಿದ್ದು, ತಳ ಚೌಕ, ಬಾಯಿ ದುಂಡಗಿದ್ದರೆ ತಮಿಳುನಾಡಿನ ಚೆಟ್ಟಿನಾಡಿನ ಕೊಟ್ಟಾನ್ ನೆನಪಾಗಬೇಕು, ಅದು ತಾಳೆಗರಿಯದು. ನಮ್ಮ ಮೇದರ ಬಿದಿರ ಬುಟ್ಟಿಯಲ್ಲಿ ನೆಟ್ಟಗಿನ ಕಡ್ಡಿಗಳ ನಡುವೆ ಸೀಳುಗಳು ಒಳಗೆ ಹೊರಗೆ ಓಡುತ್ತವೆ. ನಿಮ್ಮದು ಸಿಂಬೆ ಸುತ್ತಿದಂತೆ ತಳದ ನಡುವಿನಿಂದ ಸುರುಳಿಯಾಗಿ ಹೊರಟಿದ್ದರೆ ಎರಡು ಊರುಗಳ ಮೇಲೆ ಗುಮಾನಿ ಪಡಬಹುದು.

ಒಂದು ಬಿಹಾರದ ಮಿಥಿಲೆಯ ಸಿಕ್ಕಿ ಕೆಲಸ. ಒಳಗೆ ಒರಟು ಹುಲ್ಲಿನ ಕಟ್ಟು, ಮೇಲೆ ಸಿಕ್ಕಿ ಹುಲ್ಲಿನ ಸುತ್ತು. ಸಿಕ್ಕಿಗೆ ಬಣ್ಣ ಹಾಕದೆಯೇ ಚಿನ್ನದ ಹೊಳಪಿದೆ. ಇನ್ನೊಂದು ಪ್ರಯಾಗರಾಜ್ ಬಳಿಯ ಮೂಂಜ್ ಕೆಲಸ. ಅಲ್ಲಿ ಒಳಗೆ ಕಾಸ್ ಹುಲ್ಲು, ಮೇಲೆ ಬಣ್ಣ ಹಾಕಿದ ಮೂಂಜ್. ಸುತ್ತು ದಪ್ಪ, ಬಣ್ಣ ಗಾಢ, ಹೊಳಪು ಕಡಿಮೆ. ಗೊಂದಲವಾಗುವುದು ಎಲ್ಲಿ ಅಂದರೆ, ಸಿಕ್ಕಿ ಡಬ್ಬಿಯ ಒಳಗಿನ ಕಟ್ಟಿಗೂ ಮೂಂಜ್ ಬಳಸುವುದುಂಟು. ಮಾರುವವರು "ಮೂಂಜ್" ಅಂದರೂ ಸುಳ್ಳಾಗಿರಬೇಕಿಲ್ಲ, ಹೊರಗಿನ ಹುಲ್ಲು ಯಾವುದು ಅನ್ನುವುದೇ ಮುಖ್ಯ. ನೀವು ಹೇಳಿದ ಹೊಳಪು ಸಿಕ್ಕಿಯದೇ ಅನಿಸುತ್ತದೆ. ಮುಚ್ಚಳದ ಅಂಚಿನಲ್ಲಿ ಎಲ್ಲಾದರೂ ಸುತ್ತು ಬಿಚ್ಚಿದ್ದರೆ ಅದರ ಫೋಟೋ ಹಾಕಿ.