ದಿನಾ ಖರ್ಚು ಮಾಡುವವಳೇ ಬಾಕಿ ಕೊಡಬೇಕಾಗಿ ಬಂದಾಗ

ಒಂದೇ ಮನೆಯಲ್ಲಿ ಇರುವ ರೂಮ್‌ಮೇಟ್‌ಗಳ ದುಡ್ಡಿನ ಜಗಳ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಪದೇ ಪದೇ ಬರುತ್ತದೆ. ಈ ಪ್ರಕರಣ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬೆಂಗಳೂರಿನ ಬಾಡಿಗೆ ಮನೆ, ಮೂವರು ಹುಡುಗಿಯರು. ಸ, ರ, ಮ ಎನ್ನೋಣ. ಬಂದವಳು ರ. "ಹಾಲು, ತರಕಾರಿ, ಗ್ಯಾಸ್ ಎಲ್ಲಾ ನಂದೇ ಮೇಡಂ. ದಿನಾ ಕೈಯಿಂದ ದುಡ್ಡು ಹಾಕೋದು ನಾನೊಬ್ಬಳೇ. ಅವರಿಬ್ರೂ ತಿಂಗಳಿಗೊಂದ್ಸಲ ಕೊಟ್ಟು ಸುಮ್ನಾಗ್ತಾರೆ" ಎಂದಳು.

ಎರಡನೇ ಭೇಟಿಗೆ ಮೂವರ ಖರ್ಚನ್ನೂ ಬರೆದು ತರಲು ಹೇಳಿದ್ದೆ. ಸ ಬಾಡಿಗೆ 24,000 ಕೊಟ್ಟಿದ್ದಳು. ರ ದಿನಸಿಗೆ 7,400. ಮ ಕರೆಂಟು, ವೈಫೈ, ಕೆಲಸದವರಿಗೆ ಅಂತ 3,100, ಜೊತೆಗೆ 'ರಗೆ ಕಳಿಸಿದ್ದು 900' ಅಂತ ಇನ್ನೊಂದು ಸಾಲು.

ಆ 900ರ ಮೇಲೆ ಬೆರಳಿಟ್ಟು ನಿಲ್ಲಿಸಿದೆ. ಅದು ಹೊಸ ಖರ್ಚಲ್ಲ. ರ ಕೊಂಡ ದಿನಸಿಯ ದುಡ್ಡೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿದೆ. ಅದನ್ನೂ ಕೂಡಿಸಿದರೆ ಒಟ್ಟು ಸುಳ್ಳಾಗಿ ಉಬ್ಬುತ್ತದೆ. ಆಗ ಸ, ಮ ಇಬ್ಬರಿಗೂ 300 ರೂಪಾಯಿ ನಷ್ಟ, ರಗೆ 600 ಲಾಭ. ಕೊನೆಯಲ್ಲಿ ಕೊಡುವುದೂ ಬರಬೇಕಾದದ್ದೂ ಸರಿಹೊಂದುತ್ತವೆ, ಹಾಗಾಗಿ ತಪ್ಪು ಕಾಣುವುದೇ ಇಲ್ಲ. ಬಿಲ್ಲುಗಳ ಮೊತ್ತ ಬೇರೆಯಾಗಿ ಕೂಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಬಿಲ್ಲುಗಳ ಮೊತ್ತ 34,500. ಮೂರು ಪಾಲು ಮಾಡಿದರೆ ತಲಾ 11,500. 900 ಅನ್ನು ರ ಲೆಕ್ಕದಿಂದ ಕಳೆದು ಮ ಲೆಕ್ಕಕ್ಕೆ ಸೇರಿಸಿದೆವು. ಹಾಗಾಗಿ ರ ಹಾಕಿದ್ದು 6,500, ಮ ಹಾಕಿದ್ದು 4,000. ಸಗೆ 12,500 ಬರಬೇಕು. ಅದರಲ್ಲಿ ರ 5,000, ಮ 7,500 ಕೊಡಬೇಕು. ಎರಡೇ ಪಾವತಿ, ಮುಗಿಯಿತು.

ರ ಕಾಗದ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನನಗೆ ಯಾಕೆ ಇಷ್ಟು ಸುಸ್ತು?" ಎಂದಳು. ಕಣ್ಣು ತುಂಬಿತ್ತು.

ಅಂಕಿ ತೋರಿಸಿ ಅವಳ ಬಾಯಿ ಮುಚ್ಚಿಸಿದೆನಾ ಅನ್ನಿಸಿತು. ನನ್ನ ಸಹೋದ್ಯೋಗಿಯೊಬ್ಬರೂ ಹಾಗೇ ಕೇಳಿದರು, ಮೊದಲು ಮನಸ್ಸಿನ ಮಾತು ಆಡಿಸಬೇಕಿತ್ತಲ್ವಾ ಅಂತ. ನಾನು ಒಪ್ಪುವುದಿಲ್ಲ. ಲೆಕ್ಕ ಆಗದಿದ್ದರೆ ಅವಳು ಮನೆಗೆ ಹೋಗಿ ದುಡ್ಡು ಕೇಳುತ್ತಿದ್ದಳು. ಸ ಬಾಡಿಗೆ ಎತ್ತಿ ಹೇಳುತ್ತಿದ್ದಳು. ಜಗಳ ಮುಗಿಯದೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಏನು ಮುಗಿದಿದೆ ಅಂತ ನೆನಪಿಡುವುದು, ಅಂಗಡಿಗೆ ಹೋಗುವುದು, ಚೀಲ ಹೊತ್ತು ಮೂರನೇ ಮಹಡಿ ಹತ್ತುವುದು, ಇದ್ಯಾವುದೂ ಕೂಡುವ ಪಟ್ಟಿಯಲ್ಲಿ ಇರುವುದಿಲ್ಲ. ಆ ದಣಿವಿಗೆ ರೂಪಾಯಿಯ ಬಾಕಿ ಕೇಳಿದರೆ ಅದು ಯಾವತ್ತೂ ತೀರುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ: "ಮೊದಲು 5,000 ಕಳಿಸು. ಆಮೇಲೆ ಬೇರೆ ದಿನ ಕೂತು, ದಿನಸಿ ತರೋದು ನನ್ನೊಬ್ಬಳಿಂದ ಆಗಲ್ಲ ಅಂತ ಹೇಳು. ಎರಡನ್ನೂ ಒಂದೇ ಮಾತಲ್ಲಿ ಹೇಳಬೇಡ."

ಅವಳು ಹಾಗೇ ಮಾಡಿದಳು. ಮುಂದಿನ ಭಾನುವಾರ ಚೀಲ ಹಿಡಿದು ತರಕಾರಿಗೆ ಹೋದವಳು ಮ.