ಕತ್ತರಿ ಕೊನೆಗಲ್ಲ, ಮೊದಲಿಗೆ

ಪ್ರಶ್ನೆ: ಸರ್, ನಾನು ಡೊಂಬಿವಲಿಯವಳು. ಯುಪಿಎಸ್‌ಸಿ ಮೇನ್ಸ್‌ನ ಕಡ್ಡಾಯ ಭಾಷೆಗೆ ಕನ್ನಡ ತಗೊಂಡಿದ್ದೇನೆ. ಗದ್ಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಅಂತ ಕೇಳ್ತಾರಲ್ಲ, ಅದರಲ್ಲಿ ನನ್ನದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿಂದ ಪದ ಕತ್ತರಿಸಿದರೆ ಅರ್ಥವೇ ಕೆಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬರೆದು ಮುಗಿಸಿದ ಮೇಲೆ ಕತ್ತರಿಸುತ್ತಿದ್ದೀರಿ. ತಪ್ಪು ಅಲ್ಲೇ ಇದೆ. ಪೆನ್ನು ಹಿಡಿಯುವ ಮೊದಲೇ ಕತ್ತರಿ ಆಡಬೇಕು, ಅದೂ ಪದಗಳ ಮೇಲಲ್ಲ, ವಾಕ್ಯಗಳ ಮೇಲೆ. ಗದ್ಯವನ್ನು ಒಂದೊಂದೇ ವಾಕ್ಯವಾಗಿ ನೋಡಿ, "ಈ ವಾಕ್ಯ ಇಲ್ಲಿ ಯಾಕೆ ಬಂತು?" ಎಂದು ಕೇಳಿಕೊಳ್ಳಿ. ಕೆಲವು ವಾಕ್ಯ ಹೊಸ ಮಾತು ಹೇಳುತ್ತವೆ. ಕೆಲವು ಹೇಳಿದ್ದಕ್ಕೇ ಉದಾಹರಣೆ ಕೊಡುತ್ತವೆ. ಕೆಲವು ಸುಮ್ನೆ ಚಿತ್ರ ಬಿಡಿಸುತ್ತವೆ. ಮೊದಲನೆಯದನ್ನು ಇಟ್ಟುಕೊಂಡು ಉಳಿದೆರಡನ್ನು ಬಿಟ್ಟರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಒಂದು ಚಿಕ್ಕ ಗದ್ಯ ತೆಗೆದುಕೊಳ್ಳೋಣ. ಅಭ್ಯಾಸಕ್ಕೆಂದು ನಾನೇ ಬರೆದದ್ದು. ಪರೀಕ್ಷೆಯದು ಇದಕ್ಕಿಂತ ತುಂಬಾ ಉದ್ದ ಇರುತ್ತದೆ, ಆದರೆ ಕೆಲಸ ಅದೇ.

"ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕರಾವಳಿಯ ಹಳ್ಳಿಗಳಿಂದ ಸಾವಿರಾರು ಹುಡುಗರು ಮುಂಬಯಿಗೆ ಬಂದರು. ಕೆಲವರು ಹಡಗಿನಲ್ಲಿ ಬಂದರು, ಕೆಲವರು ಘಟ್ಟ ಹತ್ತಿ ರೈಲು ಹಿಡಿದರು. ಬಂದವರಲ್ಲಿ ಬಹಳಷ್ಟು ಮಂದಿ ಹೋಟೆಲು ಸೇರಿದರು. ತಟ್ಟೆ ತೊಳೆಯುವುದು, ಟೇಬಲ್ಲು ಒರೆಸುವುದು, ಹಿಟ್ಟು ರುಬ್ಬುವುದು, ಹೀಗೆ ಸಿಕ್ಕಿದ ಕೆಲಸ ಮಾಡಿದರು. ಊಟಕ್ಕೂ ಮಲಗುವುದಕ್ಕೂ ಹೋಟೆಲೇ ಆಸರೆಯಾಯಿತು. ಆದರೆ ಅವರೆಲ್ಲ ಓದನ್ನು ಬಿಟ್ಟುಬಿಟ್ಟರು ಎಂದು ತಿಳಿಯಬಾರದು. ನಗರದ ಕನ್ನಡ ರಾತ್ರಿಶಾಲೆಗಳು ಇಂಥ ಹುಡುಗರಿಗಾಗಿಯೇ ಬಾಗಿಲು ತೆರೆದವು. ಹಗಲೆಲ್ಲ ದುಡಿದು ದಣಿದ ಹುಡುಗ ಸಂಜೆ ಪುಸ್ತಕ ಹಿಡಿದು ಕೂರುತ್ತಿದ್ದ. ನಿದ್ದೆ ಬಂದರೆ ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದ. ಹೀಗೆ ಓದಿದವರಲ್ಲಿ ಕೆಲವರು ಮುಂದೆ ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ಕೆಲಸ ಹಿಡಿದರು. ಹೋಟೆಲು ಅವರ ಹೊಟ್ಟೆ ತುಂಬಿಸಿತು, ರಾತ್ರಿಶಾಲೆ ಅವರ ಬದುಕಿನ ದಾರಿ ಬದಲಿಸಿತು."

ಇದರಲ್ಲಿ 81 ಪದಗಳಿವೆ. ನಿಮಗೆ ಸಿಗುವುದು 27.

ಮೊದಲ ಓದಿನಲ್ಲಿ ಏನನ್ನೂ ಗುರುತು ಮಾಡಬೇಡಿ. ಎರಡನೇ ಓದಿನಲ್ಲಿ ಒಂದೇ ಒಂದನ್ನು ಹುಡುಕಿ: ಗದ್ಯ ಎಲ್ಲಿ ತಿರುಗುತ್ತದೆ? ಇಲ್ಲಿ ಅದು "ಆದರೆ" ಎಂಬಲ್ಲಿ. ಅಲ್ಲಿಯವರೆಗೆ ಹೋಟೆಲಿನ ಮಾತು, ಅಲ್ಲಿಂದ ಓದಿನ ಮಾತು. ಬರೆದವನಿಗೆ ಬೇಕಾದದ್ದು ಎರಡನೆಯದು. ಹೋಟೆಲಿನ ಕತೆ ಅದಕ್ಕೆ ಹಾಕಿದ ಮೆಟ್ಟಿಲು, ಅಷ್ಟೇ. ಹಾಗಾಗಿ 27 ಪದಗಳಲ್ಲಿ ಹೋಟೆಲಿಗೆ ಹತ್ತು ಹನ್ನೊಂದು ಸಾಕು, ಮಿಕ್ಕಿದ್ದು ಓದಿಗೆ. ಈ ಪಾಲನ್ನು ಬರೆಯುವ ಮೊದಲೇ ಮಾಡಿಡಿ. ನನ್ನ ಅನುಭವದಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಮೊದಲ ನಾಲ್ಕು ವಾಕ್ಯಗಳಿಗೆ ಇದ್ದಬದ್ದ ಪದ ಸುರಿದು, ಕೊನೆಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಓದಿದರೆ ಗದ್ಯವೆಲ್ಲ ಹೋಟೆಲಿನ ಬಗ್ಗೆ ಇತ್ತೇನೋ ಅನ್ನಿಸುತ್ತದೆ.

ಈಗ ವಾಕ್ಯಗಳಿಗೆ ಬನ್ನಿ. ಹಡಗು, ರೈಲು ಎರಡೂ ವಿವರ, ಬಿಡಿ. ತಟ್ಟೆ, ಟೇಬಲ್ಲು, ಹಿಟ್ಟು ಈ ಮೂರೂ ಸೇರಿ "ಹೋಟೆಲ್ ಕೆಲಸ" ಎಂಬ ಎರಡೇ ಪದದಲ್ಲಿ ಕೂರುತ್ತವೆ. ಬ್ಯಾಂಕು, ಶಾಲೆ, ಕಚೇರಿಗಳಿಗೆ "ಬೇರೆ ಉದ್ಯೋಗ" ಸಾಕು. ನಿದ್ದೆಗೆ ನೀರು ಚಿಮುಕಿಸಿಕೊಂಡ ವಾಕ್ಯ ಬಿಡೋದಕ್ಕೆ ಮನಸ್ಸಾಗುವುದಿಲ್ಲ, ನನಗೂ ಆಗುವುದಿಲ್ಲ. ಆದರೆ ಅದು ಚಿತ್ರ. ಅದನ್ನು ಇಟ್ಟುಕೊಂಡರೆ ಅದಕ್ಕಾಗಿ ಬೇರೆ ಒಂದು ವಿಚಾರ ಹೋಗುತ್ತದೆ.

ಮುಂದಿನ ಕೆಲಸಕ್ಕೆ ಕನ್ನಡವೇ ನೆರವಿಗೆ ಬರುತ್ತದೆ. ಮೂಲದಲ್ಲಿ "ಹುಡುಗರು ಬಂದರು" ಒಂದು ವಾಕ್ಯ, "ಹೋಟೆಲು ಸೇರಿದರು" ಇನ್ನೊಂದು. "ಬಂದ ಹುಡುಗರಲ್ಲಿ" ಎಂದರೆ ಒಂದು ಪೂರ್ತಿ ವಾಕ್ಯ ಎರಡು ಪದಕ್ಕೆ ಮಡಚಿಕೊಳ್ಳುತ್ತದೆ. ದುಡಿದು, ಹಿಡಿದು, ಕಲಿತವರಲ್ಲಿ ಇವೆಲ್ಲ ಅದೇ ಕೆಲಸ ಮಾಡುತ್ತವೆ. ಹೀಗೆ:

"ಕಳೆದ ಶತಮಾನದ ಆರಂಭದಲ್ಲಿ ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರಲ್ಲಿ ಹೆಚ್ಚಿನವರಿಗೆ ಹೋಟೆಲ್ ಕೆಲಸವೇ ಆಸರೆಯಾಯಿತು. ಆದರೆ ಎಲ್ಲರ ಓದೂ ನಿಲ್ಲಲಿಲ್ಲ. ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರಲ್ಲಿ ಕೆಲವರು ಬೇರೆ ಉದ್ಯೋಗ ಹಿಡಿದು ತಮ್ಮ ಬದುಕು ಬದಲಿಸಿಕೊಂಡರು."

ಎಣಿಸಿ ನೋಡಿ, 27. "ಆದರೆ"ಗೆ ಮೊದಲು 11, ಅಲ್ಲಿಂದ 16.

ಇದರಲ್ಲಿ "ಹೆಚ್ಚಿನವರಿಗೆ", "ಎಲ್ಲರ", "ಕೆಲವರು" ಎಂಬ ಮೂರು ಪದಗಳನ್ನು ನೋಡಿ. ಪದ ಉಳಿಸುವ ಅವಸರದಲ್ಲಿ ಮೊದಲು ಹಾರಿಹೋಗುವುದು ಇವೇ. ನಾನು ಮೊದಲ ಸಲ ಇದನ್ನು ಬರೆದಾಗ "ಆದರೂ ಓದು ನಿಲ್ಲಲಿಲ್ಲ" ಎಂದು ಬರೆದಿದ್ದೆ. ಒಂದು ಪದ ಉಳಿಯಿತು, ಆದರೆ ಒಬ್ಬರೂ ಓದು ಬಿಡಲಿಲ್ಲ ಎಂದಾಯಿತು. ಮೂಲ ಹಾಗೆ ಹೇಳುವುದಿಲ್ಲ ಅಲ್ವಾ? ನೀವು ಹೇಳಿದ "ಅರ್ಥ ಕೆಡುವುದು" ಬಹುಶಃ ಇದೇ. ಬರೆದಾದ ಮೇಲೆ ಇಂಥ ಪದಗಳನ್ನಷ್ಟೇ ಮೂಲದ ಜೊತೆ ಹೋಲಿಸಿ ನೋಡಿ. ಎಲ್ಲ, ಕೆಲವು, ಮಾತ್ರ, ಬಹುಶಃ, ಆದರೆ, ಆದ್ದರಿಂದ. ಒಂದು ನಿಮಿಷದ ಕೆಲಸ.

ಪ್ರಶ್ನೆಯಲ್ಲಿ "ನಿಮ್ಮ ಮಾತುಗಳಲ್ಲಿ" ಎಂದಿರುತ್ತದೆ. ಅದಕ್ಕೆ ಹೆದರಿ "ಹೋಟೆಲ್" ಅನ್ನು "ಉಪಾಹಾರ ಗೃಹ" ಮಾಡಬೇಡಿ. ರಾತ್ರಿಶಾಲೆ ರಾತ್ರಿಶಾಲೆಯೇ. ಬದಲಾಗಬೇಕಾದದ್ದು ವಾಕ್ಯದ ಕಟ್ಟು. "ಲೇಖಕರು ಹೇಳುವಂತೆ" ಎಂದು ಶುರು ಮಾಡುವುದೂ ಬೇಡ, ಎರಡು ಪದ ಸುಮ್ನೆ ದಂಡ. ಶೀರ್ಷಿಕೆ ಕೇಳಿರುವುದಿಲ್ಲ, ಕೊಡಬೇಡಿ.

ಒಂದು ಮಿತಿ ಇದೆ. ಕೆಲವು ಗದ್ಯಗಳಲ್ಲಿ ತಿರುವೇ ಇರುವುದಿಲ್ಲ. ನಾಲ್ಕು ಕಾರಣ ಸಾಲಾಗಿ ಹೇಳಿ ಮುಗಿಸಿರುತ್ತಾರೆ. ಅಲ್ಲಿ ಪಾಲು ಹಾಕುವುದು ಸುಲಭ: ನಾಲ್ಕಕ್ಕೂ ಸಮ, ಯಾವುದನ್ನೂ ಬಿಡುವಂತಿಲ್ಲ.

ಇನ್ನು ಎಣಿಕೆ. ಕನ್ನಡದ ಪದಗಳು ಉದ್ದ, ಸಾಲಿಗೆ ಹೆಚ್ಚು ಹಿಡಿಯುವುದಿಲ್ಲ. ನಿಮ್ಮ ಕೈಬರಹದಲ್ಲಿ ಸಾಲಿಗೆ ಎಷ್ಟು ಪದ ಬರುತ್ತವೆ ಎಂದು ಮನೆಯಲ್ಲೇ ಎಣಿಸಿಟ್ಟುಕೊಳ್ಳಿ. 6 ಎಂದುಕೊಳ್ಳೋಣ. 450 ಪದಗಳ ಗದ್ಯಕ್ಕೆ 150 ಬೇಕು, ಅಂದರೆ 25 ಸಾಲು. 25ನೇ ಸಾಲಿನ ಕೊನೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಡಿ. ತಿರುವಿನ ಮೊದಲ ಭಾಗಕ್ಕೆ 10 ಸಾಲು ಎಂದು ನಿರ್ಧರಿಸಿದ್ದರೆ ಅಲ್ಲೂ ಒಂದು ಚುಕ್ಕಿ. ಹತ್ತನೇ ಸಾಲು ದಾಟಿಯೂ ನೀವು ಹೋಟೆಲಿನಲ್ಲೇ ಕೂತಿದ್ದರೆ ಆಗಲೇ ಗೊತ್ತಾಗುತ್ತದೆ. ಪೂರ್ತಿ ಬರೆದು ಅರ್ಧಕ್ಕೆ ನಿಂತ ಮೇಲೆ ಗೊತ್ತಾಗುವುದಕ್ಕಿಂತ ಅದು ವಾಸಿ. ಕೊನೆಗೆ ನಾಲ್ಕೈದು ಪದ ಜಾಸ್ತಿಯಾದರೆ ತಲೆ ಕೆಡಿಸಿಕೊಳ್ಳಬೇಡಿ. "ಸುಮಾರು ಮೂರನೇ ಒಂದು ಭಾಗ" ಎಂದೇ ಕೇಳಿರುತ್ತಾರೆ.