ಹಣದುಬ್ಬರ ಏರಿದಷ್ಟೇ ಬಡ್ಡಿ ಏರಿಸಿದರೆ ಏನಾಗುತ್ತೆ?

"ಹಣದುಬ್ಬರ 2 ಏರಿದರೆ ಬಡ್ಡಿಯನ್ನೂ 2 ಏರಿಸಿದರೆ ಸಾಕಲ್ವಾ? ಅದಕ್ಕಿಂತ ಹೆಚ್ಚು ಯಾಕೆ?"

ಖರ್ಚು ಮಾಡಬೇಕೋ ಬೇಡವೋ ಅನ್ನೋದನ್ನು ತೀರ್ಮಾನಿಸೋದು ನೈಜ ಬಡ್ಡಿ, ಅಂದರೆ ಬಡ್ಡಿಯಲ್ಲಿ ಹಣದುಬ್ಬರ ಕಳೆದು ಉಳಿಯೋದು. ಹಣದುಬ್ಬರ ಶೇ 4, ಕೇಂದ್ರ ಬ್ಯಾಂಕ್ ನಿಗದಿ ಮಾಡೋ ಬಡ್ಡಿ, ಅಂದರೆ ನೀತಿ ದರ, ಶೇ 6 ಇದ್ದಾಗ ಅದು ಶೇ 2. ಈಗ ಹಣದುಬ್ಬರ ಶೇ 6 ಆಯ್ತು ಅನ್ನಿ. ದರವನ್ನು 8 ಮಾಡಿದರೆ ನೈಜ ಬಡ್ಡಿ ಮತ್ತದೇ 2. ಸಾಲ ಮೊದಲಿನಷ್ಟೇ ದುಬಾರಿ, ಬೇಡಿಕೆಗೆ ಕಡಿವಾಣವೇ ಬೀಳಲಿಲ್ಲ.

7ಕ್ಕೇ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು. ದರ ಏರಿಸಿದಂತೆ ಕಾಣುತ್ತೆ, ಆದರೆ ನೈಜ ಬಡ್ಡಿ 1ಕ್ಕೆ ಇಳಿದಿರುತ್ತೆ. ಸಾಲ ಅಗ್ಗವಾಗಿ ಬೇಡಿಕೆ ಹೆಚ್ಚುತ್ತೆ, ಬೆಲೆ ಮತ್ತೆ ಏರುತ್ತೆ, ನೈಜ ಬಡ್ಡಿ ಮತ್ತಷ್ಟು ಕುಸಿಯುತ್ತೆ. 1970ರ ದಶಕದ ಅಮೆರಿಕದಲ್ಲಿ ಅದು ಹಲವು ಸಲ ಸೊನ್ನೆಗಿಂತ ಕೆಳಗಿತ್ತು.

ಅರ್ಥಶಾಸ್ತ್ರಜ್ಞ ಜಾನ್ ಟೇಲರ್ 1993ರಲ್ಲಿ ಕೊಟ್ಟ ಸೂತ್ರದಲ್ಲಿ, ಹಣದುಬ್ಬರ 1 ಏರಿದರೆ ದರ 1.5 ಏರಬೇಕು. ನಮ್ಮ ಲೆಕ್ಕದಲ್ಲಿ ದರ 9, ನೈಜ ಬಡ್ಡಿ 3. ಬ್ರೇಕ್ ಬೀಳೋದು ಆಗಲೇ. ಒಂದೇ ತಿಂಗಳಲ್ಲಿ ಏರಿಸಬೇಕೆಂದೇನಿಲ್ಲ, ಒಟ್ಟು ಏರಿಕೆ ಅಷ್ಟಾಗಬೇಕು. ನೈಜ ಬಡ್ಡಿಗಾಗಿ ಹಣದುಬ್ಬರ ಕಳೆಯುವಾಗ ಹಳೆಯ ಅಂಕಿಗಿಂತ ಜನ ಮುಂದಿನ ವರ್ಷಕ್ಕೆ ನಿರೀಕ್ಷಿಸುವ ಹಣದುಬ್ಬರವನ್ನೇ ತಗೊಳ್ಳಿ. ಒಂದು ಬೆಳೆ ಕೈಕೊಟ್ಟು ಬೆಲೆ ಒಮ್ಮೆ ಜಿಗಿದು, ಆ ನಿರೀಕ್ಷೆ ಕದಲದಿದ್ದರೆ, ಇಷ್ಟು ಏರಿಸೋ ಅಗತ್ಯವೇ ಬೀಳದಿರಬಹುದು.